ಲಿಪಿಕಾರನ ತಪ್ಪು, ಕವಿಯ ತಪ್ಪು

ಹೊಸನಗರ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಹಲವು ವರ್ಷಗಳಿಂದ ಕನ್ನಡ ಪಾಠ ಹೇಳುತ್ತಿದ್ದ ಪಂಡಿತರೊಬ್ಬರಿಗೆ, ಕೆಂಪು ಮಸಿಯ ವಿಷಯದಲ್ಲಿ ದೊಡ್ಡ ಹೆಸರಿತ್ತು. ಶಕಾರ ಸಕಾರಗಳ ಭೇದ ತಿಳಿಯದವನಿಗೆ ಕನ್ನಡ ಬಂದಿತೆಂದು ಅವರು ಒಪ್ಪುತ್ತಿರಲಿಲ್ಲ. ಉತ್ತರ ಎಷ್ಟು ಸರಿಯಿದ್ದರೂ ಕಾಗುಣಿತ ತಪ್ಪಿದ ಕಡೆ ಅರ್ಧ ಅಂಕ ಹೋಯಿತೆಂದೇ ಅರ್ಥ. ವಿದ್ಯಾರ್ಥಿಗಳು ಇದನ್ನು ತಿಳಿದಿದ್ದರು, ಹೆದರುತ್ತಿದ್ದರು, ಶಾಲೆ ಬಿಟ್ಟ ಮೇಲೆ ಅದಕ್ಕಾಗಿಯೇ ಅವರನ್ನು ನೆನೆಯುತ್ತಿದ್ದರು. ಅಂತಹ ಪಂಡಿತರು ಒಂದು ಫೆಬ್ರವರಿ ತಿಂಗಳಲ್ಲಿ, ಹತ್ತನೆಯ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಯ ಒಂದು ಉತ್ತರಪತ್ರಿಕೆಯನ್ನು ಎರಡು ಸಲ ತಿದ್ದಬೇಕಾಗಿ ಬಂದ ಪ್ರಸಂಗ ಇಲ್ಲಿದೆ.

ಪತ್ರಿಕೆ ಒಬ್ಬ ಹುಡುಗನದು. ಅಕ್ಷರ ಮತ್ತೊಬ್ಬ ಹುಡುಗನದು. ಉತ್ತರ ಹೇಳಿದವನಿಗೆ ಸ್ನಾಯುಗಳು ಕ್ರಮೇಣ ಬಲಗುಂದುವ ಕಾಯಿಲೆ. ಏಳನೆಯ ತರಗತಿಯವರೆಗೆ ತಾನೇ ಬರೆಯುತ್ತಿದ್ದವನು ಆಮೇಲೆ ಲೇಖನಿ ಹಿಡಿಯಲಾರದವನಾದನು. ಕಣ್ಣು, ಕಿವಿ, ನಾಲಗೆ, ಬುದ್ಧಿ ಎಲ್ಲವೂ ಚೆನ್ನಾಗಿದ್ದವು. ಬರೆದುಕೊಟ್ಟವನು ಅದೇ ಶಾಲೆಯ ಒಂಬತ್ತನೆಯ ತರಗತಿಯವನು. ಈ ಏರ್ಪಾಡು ಯಾರ ಕೃಪೆಯೂ ಅಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮದ 17ನೆಯ ಪ್ರಕರಣವು ಲಿಪಿಕಾರನ ಸಹಾಯವನ್ನೂ ಹೆಚ್ಚಿನ ಕಾಲಾವಕಾಶವನ್ನೂ ಹೆಸರಿಸಿಯೇ ಹೇಳಿದೆ. 2018ರ ಆಗಸ್ಟ್ 29ರಂದು ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿಯು, ಅಭ್ಯರ್ಥಿ ತಾನೇ ಕರೆತರುವ ಲಿಪಿಕಾರನ ವಿದ್ಯೆ ಅಭ್ಯರ್ಥಿಯ ವಿದ್ಯೆಗಿಂತ ಒಂದು ಮೆಟ್ಟಿಲು ಕೆಳಗಿರಬೇಕೆಂದೂ, ಪ್ರತಿ ಗಂಟೆಗೆ 20 ನಿಮಿಷಕ್ಕೆ ಕಡಿಮೆಯಿಲ್ಲದಷ್ಟು ಪರಿಹಾರ ಕಾಲ ಕೊಡಬೇಕೆಂದೂ ವಿಧಿಸಿತು. 2021ರ ಫೆಬ್ರವರಿ 11ರಂದು ವಿಕಾಸ್ ಕುಮಾರ್ ಎಂಬವರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಬರೆಯಲು ಕೈ ಒದಗದವನಿಗೆ ಲಿಪಿಕಾರನನ್ನು ಕೊಡುವುದು ನ್ಯಾಯೋಚಿತವಾದ ಹೊಂದಾಣಿಕೆಯೇ ಹೊರತು ದಾನವಲ್ಲವೆಂಬ ನಿಲುವನ್ನು ಎತ್ತಿಹಿಡಿಯಿತು.

ಇಷ್ಟೆಲ್ಲ ಇದ್ದರೂ ಒಂದು ಮಾತು ಉಳಿದೇ ಇದೆ. ಲಿಪಿಕಾರನು ವಿದ್ಯೆಯಲ್ಲಿ ಅಭ್ಯರ್ಥಿಗಿಂತ ಕೆಳಗಿರಬೇಕೆಂಬ ನಿಯಮ, ಅವನು ಉತ್ತರ ಹೇಳಿಕೊಡದಿರಲೆಂದು ಮಾಡಿದ್ದು. ಆದರೆ ಅದೇ ನಿಯಮದಿಂದ, ಕಾಗುಣಿತ ಇನ್ನೂ ಗಟ್ಟಿಯಾಗದ ಕೈಯೊಂದು ಬಲ್ಲವನ ಮಾತನ್ನು ಬರೆಯಬೇಕಾಗುತ್ತದೆ. ಇತಿಹಾಸದ ಪತ್ರಿಕೆಯಲ್ಲಿ, ವಿಜ್ಞಾನದ ಪತ್ರಿಕೆಯಲ್ಲಿ ಇದರಿಂದ ದೊಡ್ಡ ಹಾನಿಯಿಲ್ಲ. ಕನ್ನಡ ಪತ್ರಿಕೆಯಲ್ಲಿ ಹಾಗಲ್ಲ. ಅಲ್ಲಿ ಅಕ್ಷರವೂ ಪರೀಕ್ಷೆಗೆ ನಿಂತಿರುತ್ತದೆ. ಅಧಿನಿಯಮವು ಎರಡನೆಯ ಮತ್ತು ಮೂರನೆಯ ಭಾಷೆಗಳಿಂದ ವಿನಾಯಿತಿಯ ಮಾತನ್ನಾಡುತ್ತದೆ; ಪ್ರಥಮ ಭಾಷೆ ಉಳಿದುಕೊಳ್ಳುತ್ತದೆ. ಆ ಪತ್ರಿಕೆಯಲ್ಲಿ ಲಿಪಿಕಾರನ ಕಾಗುಣಿತವನ್ನು ಯಾರ ಲೆಕ್ಕಕ್ಕೆ ಬರೆಯಬೇಕೆಂಬುದನ್ನು ಆ ಪ್ರಕರಣ ಹೇಳುವುದಿಲ್ಲ. ಅದು ತಿದ್ದುವವನ ವಿವೇಚನೆಗೆ ಬಿಟ್ಟ ಮಾತು.

ಪಂಡಿತರು ಮೊದಲ ಸಲ ತಿದ್ದಿದಾಗ ತಮ್ಮ ವಾಡಿಕೆಯಂತೆಯೇ ತಿದ್ದಿದರು. ನೂರು ಅಂಕಗಳ ಪತ್ರಿಕೆ. ವಿಷಯದ ದೃಷ್ಟಿಯಿಂದ ಹುಡುಗನಿಗೆ 74 ಸಲ್ಲುತ್ತಿತ್ತು. ಭಾಷಾದೋಷಗಳೆಂದು 27 ಕಡೆ ಅರ್ಧರ್ಧ ಅಂಕ ಕಳೆದರು, ಒಟ್ಟು ಹದಿಮೂರೂವರೆ. ಉಳಿದದ್ದು ಅರವತ್ತೂವರೆ. ಪತ್ರಿಕೆಗಳನ್ನು ಹಂಚಿದ ಮರುದಿನ ಹುಡುಗನ ತಾಯಿ ಶಾಲೆಗೆ ಬಂದರು. ಅಂಕ ಹೆಚ್ಚಿಸಿರೆಂದು ಅವರು ಕೇಳಲಿಲ್ಲ. ಸೆರಗಿನಲ್ಲಿ ಮುಚ್ಚಿಕೊಂಡು ತಂದಿದ್ದ ಹಳೆಯ ನೋಟುಪುಸ್ತಕವೊಂದನ್ನು ಮೇಜಿನ ಮೇಲಿಟ್ಟು, “ಮೇಷ್ಟ್ರೇ, ನನ್ನ ಮಗನಿಗೆ ಶ ಬರುತ್ತದೆ. ನೋಡಿ ಬೇಕಾದರೆ” ಎಂದಷ್ಟೇ ಹೇಳಿ ಹೊರಟುಹೋದರು.

ಅದು ಏಳನೆಯ ತರಗತಿಯ ಕನ್ನಡ ನೋಟುಪುಸ್ತಕ. ಕೊನೆಕೊನೆಯ ಪುಟಗಳಲ್ಲಿ ಅಕ್ಷರ ನಡುಗಿದೆ, ಸಾಲು ಇಳಿಜಾರಾಗಿದೆ. ಆದರೆ ‘ಶರಣ’ದಲ್ಲಿ ಶಕಾರ, ‘ವರ್ಷ’ದಲ್ಲಿ ಷಕಾರ, ‘ಪ್ರಕೃತಿ’ಯಲ್ಲಿ ಋಕಾರ, ‘ದುಃಖ’ದಲ್ಲಿ ವಿಸರ್ಗ ತಮ್ಮ ತಮ್ಮ ಸ್ಥಾನದಲ್ಲೇ ಇದ್ದವು. ಪಂಡಿತರು ಎದ್ದುಹೋಗಿ ಒಂಬತ್ತನೆಯ ತರಗತಿಯ ಪತ್ರಿಕೆಗಳ ಕಟ್ಟನ್ನು ಬಿಚ್ಚಿ, ಲಿಪಿಕಾರನಾಗಿದ್ದ ಹುಡುಗನ ಸ್ವಂತ ಉತ್ತರಪತ್ರಿಕೆಯನ್ನು ತೆಗೆದರು. ಅಲ್ಲಿ ‘ಸರಣ’, ‘ವರ್ಶ’, ‘ಪ್ರಕ್ರುತಿ’, ‘ದುಖ’. ಒಂದೇ ಕೈ, ಒಂದೇ ತಪ್ಪು. ಬೇರೊಬ್ಬನ ತಪ್ಪಿಗೆ ಇವನಿಗೆ ದಂಡ ಹಾಕಿದ್ದಾಗಿತ್ತು.

ಪಂಡಿತರನ್ನು ಹೆಚ್ಚು ಚುಚ್ಚಿದ್ದು ಮತ್ತೊಂದು ವಿಚಾರ. ಅವರು ವಿದ್ವತ್ ಪರೀಕ್ಷೆಗೆ ಓದಿದ ಕಾಲದಲ್ಲಿ ತಾಳೆಗರಿಗಳನ್ನು ಓದಲು ಕಲಿತವರು. ಕೆಳದಿಯ ವಸ್ತುಸಂಗ್ರಹಾಲಯದಲ್ಲಿರುವ ಓಲೆಗಳನ್ನು ಕಂಡವರು. ಕೆಳದಿಯ ಅರಸು ಬಸವಪ್ಪನಾಯಕನ ‘ಶಿವತತ್ತ್ವರತ್ನಾಕರ’ವಾಗಲಿ, ಲಿಂಗಣ್ಣ ಕವಿಯ ‘ಕೆಳದಿನೃಪವಿಜಯ’ವಾಗಲಿ ನಮ್ಮ ಕಾಲಕ್ಕೆ ಬಂದುದು ಪ್ರತಿ ಮಾಡಿದವರ ಕೈಗಳ ಮೂಲಕ. ಹಳೆಯ ಓಲೆಗಳಲ್ಲಿ ಎಕಾರ ಏಕಾರಗಳಿಗೆ, ಒಕಾರ ಓಕಾರಗಳಿಗೆ ಬೇರೆ ಗುರುತು ಹಾಕುವ ಪದ್ಧತಿಯಿಲ್ಲ. ಓದುವವನು ಛಂದಸ್ಸನ್ನೂ ಅರ್ಥವನ್ನೂ ನೋಡಿ ಹ್ರಸ್ವವೋ ದೀರ್ಘವೋ ಎಂದು ನಿರ್ಧರಿಸಬೇಕು. ಪ್ರತಿಕಾರನು ಕೊನೆಯಲ್ಲಿ ತನ್ನ ತಪ್ಪುಗಳನ್ನು ತಿದ್ದಿ ಓದಬೇಕೆಂದು ಬಲ್ಲವರನ್ನು ಬೇಡಿಕೊಳ್ಳುವುದೂ ಉಂಟು. ಒಂದೆಡೆ ಪ್ರಾಸ ಕೆಟ್ಟಿದ್ದರೆ, ಮಾತ್ರೆ ಹೆಚ್ಚಿದ್ದರೆ, ಸಂಪಾದಕನು ಮೊದಲು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಇದು ಕವಿಯದೋ, ಲಿಪಿಕಾರನದೋ? ಕವಿಯ ತಲೆಯ ಮೇಲೆ ಪ್ರತಿಕಾರನ ತಪ್ಪನ್ನು ಹೊರಿಸುವವನು ಪಂಡಿತನೇ ಅಲ್ಲವೆಂದು ಅವರ ಗುರುಗಳು ಹೇಳಿಕೊಟ್ಟಿದ್ದರು. ಸತ್ತು ಮುನ್ನೂರು ವರ್ಷವಾದ ಕವಿಗೆ ತೋರಿಸುತ್ತಿದ್ದ ಎಚ್ಚರವನ್ನು ಎದುರಿಗೆ ಕುಳಿತ ಹುಡುಗನಿಗೆ ತೋರಿಸಿರಲಿಲ್ಲ.

ಆ ಸಂಜೆ ಅವರು ಕೆಂಪು ಮಸಿಯನ್ನು ಬದಿಗಿಟ್ಟು, ಸೀಸದಕಡ್ಡಿ ಹಿಡಿದು, 27 ತಪ್ಪುಗಳನ್ನೂ ಗ್ರಂಥಸಂಪಾದನೆಯ ಕ್ರಮದಲ್ಲಿ ವಿಂಗಡಿಸಿದರು. ಅವರು ಹಿಡಿದ ಅಳತೆಗೋಲು ಸರಳವಾದುದು. ಹೇಳುವವನಿಂದ ಬರೆಯುವವನಿಗೆ ಮಾತು ದಾಟುವುದು ಕಿವಿಯ ಮೂಲಕ. ಕಿವಿಗೆ ಸ್ಪಷ್ಟವಾಗಿ ಕೇಳುವುದೆಲ್ಲ ಹೇಳಿದವನದು. ಕಿವಿಗೆ ಕೇಳದೆ ಕಣ್ಣಿಗೆ ಮಾತ್ರ ಗೊತ್ತಿರುವುದು ಬರೆದವನದು. ಇವೆರಡರ ನಡುವೆ, ಕಿವಿ ಅರ್ಧ ಹಿಡಿದು ಅರ್ಧ ಬಿಡುವ ಒಂದು ಮಧ್ಯದ ಪಾಲಿದೆ. ಕಷ್ಟವಿರುವುದು ಅಲ್ಲಿಯೇ.

ಮೊದಲನೆಯ ಗುಂಪಿನಲ್ಲಿ, ಅಂದರೆ ಕಣ್ಣಿನ ಪಾಲಿನಲ್ಲಿ, 19 ತಪ್ಪುಗಳು ಸೇರಿದವು. ಶಕಾರಕ್ಕೆ ಸಕಾರ, ಷಕಾರಕ್ಕೆ ಶಕಾರ, ಋಕಾರವಿರಬೇಕಾದಲ್ಲಿ ರಕಾರದ ಒತ್ತು, ಬಿಟ್ಟುಹೋದ ವಿಸರ್ಗ, ಅರ್ಕಾವೊತ್ತಿನ ಸ್ಥಾನಪಲ್ಲಟ. ಶಕಾರ ಸಕಾರಗಳು ಉಚ್ಚಾರದಲ್ಲಿ ಬೇರೆಯೇ ಅಲ್ಲವೇ ಎಂದು ಕೇಳಬಹುದು. ಬಾಯಲ್ಲಿ ಬೇರೆಯಾಗಿಯೇ ಬಂದರೂ, ಭೇದ ರೂಢಿಯಾಗದ ಕಿವಿಗೆ ಅದು ಒಂದೇ ಆಗಿ ಕೇಳುತ್ತದೆ. ಷಕಾರ ಶಕಾರಗಳ ಭೇದವಂತೂ ಬಹುಮಂದಿಯ ಬಾಯಲ್ಲಿಯೂ ಈಗ ಉಳಿದಿಲ್ಲ. ಇವನ್ನು ಲಿಪಿಕಾರನ ಲೆಕ್ಕಕ್ಕೆ ಹಾಕಲು ನೋಟುಪುಸ್ತಕ ಒಂದು ಸಾಕ್ಷಿ. ಅದಿಲ್ಲದೆಯೂ ಪತ್ರಿಕೆಯೊಳಗೇ ಸಾಕ್ಷಿಯಿತ್ತು. ತಪ್ಪು ಒಂದೇ ಬಗೆಯಲ್ಲಿ ಆದಿಯಿಂದ ಅಂತ್ಯದವರೆಗೆ ಮರುಕಳಿಸಿತ್ತು. ಪ್ರಶ್ನೆಪತ್ರಿಕೆಯಲ್ಲಿ ಅಚ್ಚಾಗಿದ್ದ, ಹುಡುಗ ತಾನೇ ಕಣ್ಣಾರೆ ಓದಿದ್ದ ಪದಗಳು ಕೂಡ ಉತ್ತರದಲ್ಲಿ ಅದೇ ಬಗೆಯಾಗಿ ಕೆಟ್ಟಿದ್ದವು. ಈ 19ರಿಂದ ಒಂಬತ್ತೂವರೆ ಅಂಕ ಹಿಂದಕ್ಕೆ ಬಂದಿತು.

ಎರಡನೆಯ ಗುಂಪು ಹುಡುಗನದೇ. ‘ಜನರು ಸೇರಿತು’ ಎಂಬಲ್ಲಿ ಕರ್ತೃವಿಗೂ ಕ್ರಿಯಾಪದಕ್ಕೂ ಹೊಂದಿಕೆಯಿಲ್ಲ. ‘ಮಕ್ಕಳಿಗೆ ಪುಸ್ತಕಗಳಿಂದ ಕೊಡಬೇಕು’ ಎಂಬಲ್ಲಿ ವಿಭಕ್ತಿ ತಪ್ಪಿದೆ. ಮತ್ತೊಂದು ವಾಕ್ಯ ‘ಏಕೆಂದರೆ’ ಎಂದು ಹೊರಟು ‘ಆದ್ದರಿಂದ’ ಎಂದು ಮುಗಿದಿದೆ. ಇವು ಕಿವಿಗೆ ಚೆನ್ನಾಗಿ ಕೇಳುವ ಮಾತುಗಳು. ಕಾಗುಣಿತ ಬಾರದ ಲಿಪಿಕಾರನು ‘ಸೇರಿದರು’ ಎಂಬುದನ್ನು ‘ಸೇರಿತು’ ಎಂದು ಬರೆಯುವುದಿಲ್ಲ. ಮೂರು ಕಡೆಯ ಒಂದೂವರೆ ಅಂಕ ಹೋದದ್ದು ಹೋದಂತೆಯೇ ಉಳಿಯಿತು. ಕೈ ಒದಗದವನೆಂದು ಇದನ್ನೂ ಬಿಟ್ಟಿದ್ದರೆ, ಅವನ ಬುದ್ಧಿಯನ್ನೇ ಕಡೆಗಣಿಸಿದಂತಾಗುತ್ತಿತ್ತು.

ಮಧ್ಯದ ಗುಂಪಿನಲ್ಲಿ ಐದಿದ್ದವು. ಗ್ರಂಥಾಲಯವನ್ನು ಕುರಿತ ಪ್ರಬಂಧದಲ್ಲಿ ‘ವಿದ್ಯೆಯೆಂಬ ದನವನ್ನು ಕಳ್ಳರು ಕದಿಯಲಾರರು’ ಎಂದಿತ್ತು. ತಂದೆಗೆ ಬರೆದ ಪತ್ರದಲ್ಲಿ ‘ಅಡಿಕೆ ತೋಟದ ಕಲೆ ಕೀಳುವ ಕೆಲಸ ಮುಗಿಯಿತೇ?’ ಎಂದಿತ್ತು. ಪದ್ಯದ ಭಾವಾರ್ಥದಲ್ಲಿ ಅಕ್ಕಿಗಳು ಸಂಜೆ ಗೂಡಿಗೆ ಮರಳಿದ್ದವು. ಇನ್ನೊಂದು ಕಡೆ ಭಾರವು ‘ಬಾರ’ವಾಗಿತ್ತು. ಧನವು ದನವಾದುದನ್ನು ಓದಿ ಪಂಡಿತರು ಮೊದಲ ಸಲ ಕೆಂಪು ಗೆರೆಯ ಕೆಳಗೆ ಒಂದು ವ್ಯಂಗ್ಯದ ಮಾತನ್ನೂ ಬರೆದಿದ್ದರು. ಈಗ ಅದನ್ನು ನೋಡಿ ನಾಚಿದರು. ಮಹಾಪ್ರಾಣ, ಳಕಾರ, ಪದದ ಆದಿಯ ಹಕಾರ ಇವು ಕಿವಿಗೆ ಕೇಳುವಂಥವೇ. ಆದರೆ ಹೇಳುವವನ ಉಸಿರು ದುರ್ಬಲವಾಗಿದ್ದರೆ, ಬರೆಯುವವನ ಮನೆಮಾತಿನಲ್ಲಿ ಆ ಭೇದ ಸಡಿಲವಾಗಿದ್ದರೆ, ದಾರಿಯಲ್ಲಿ ಬಿದ್ದುಹೋಗುತ್ತವೆ. ಹೀಗಾಗಿ ಇಲ್ಲಿ ಪ್ರಮಾಣವಾಗಬೇಕಾದುದು ಸಂದರ್ಭ. ಕಳ್ಳರು ಕದಿಯಲಾರದ್ದು ಧನವೇ; ತೋಟದಲ್ಲಿ ಕೀಳುವುದು ಕಳೆಯೇ; ಗೂಡಿಗೆ ಮರಳುವುದು ಹಕ್ಕಿಯೇ. ಹೇಳಿದವನ ಅಭಿಪ್ರಾಯದಲ್ಲಿ ಸಂಶಯಕ್ಕೆ ಎಡೆಯಿಲ್ಲದ ಈ ನಾಲ್ಕರ ಎರಡು ಅಂಕ ಹಿಂದಕ್ಕೆ ಬಂದಿತು.

ಐದನೆಯದು ಹಾಗೆ ಬಿಟ್ಟುಕೊಡಲಿಲ್ಲ. ‘ಗಿರೀಶ’ ಎಂಬುದನ್ನು ಬಿಡಿಸಿ ಸಂಧಿಯನ್ನು ಹೆಸರಿಸಬೇಕಾಗಿದ್ದಲ್ಲಿ ‘ಗಿರಿ + ಇಶ, ಸವರ್ಣದೀರ್ಘಸಂಧಿ’ ಎಂದಿತ್ತು. ಈ ಲಿಪಿಕಾರನು ಗುಡಿಸಿನ ದೀರ್ಘವನ್ನು ಬಿಡುವವನೆಂಬುದಕ್ಕೆ ಪತ್ರಿಕೆಯಲ್ಲಿ ‘ನಿತಿ’, ‘ಪಿಠಿಕೆ’ಗಳು ಇದ್ದವು. ಅವನ್ನು ಪಂಡಿತರು ಕೈಬರಹದ ಅವಸರವೆಂದು ಮೊದಲೇ ಬಿಟ್ಟಿದ್ದರು. ಹಾಗಾದರೆ ಇದೂ ಅದೇ ಅಲ್ಲವೇ? ಅಲ್ಲ. ಗುಡಿಸಿನ ದೀರ್ಘವೆಂಬುದು ವ್ಯಂಜನಕ್ಕೆ ಹತ್ತಿಸುವ ಗುರುತು. ಪದದ ಆದಿಯ ಈಕಾರ ಸ್ವತಂತ್ರವಾದ ಅಕ್ಷರ. ಇಕಾರಕ್ಕೆ ಯಾವ ಗುರುತನ್ನೂ ಬಿಟ್ಟು ಅದು ಆಗುವುದಿಲ್ಲ. ಗುರುತು ಮರೆಯುವ ಅಭ್ಯಾಸದಿಂದ ಈ ತಪ್ಪನ್ನು ವಿವರಿಸಲಾಗದು. ಅಲ್ಲದೆ, ಪ್ರಶ್ನೆ ಕೇಳಿದ್ದೇ ಅಲ್ಲಿರುವುದು ಇಕಾರವೋ ಈಕಾರವೋ ಎಂಬುದನ್ನು ತಿಳಿದಿದ್ದಾನೆಯೇ ಎಂದು. ಪಂಡಿತರು ಆ ಅರ್ಧ ಅಂಕವನ್ನು ಹಾಗೆಯೇ ಬಿಟ್ಟು, ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದರು.

ಇಷ್ಟರಲ್ಲಿ ಅವರಿಗೆ ಇದರ ಮಗ್ಗುಲೊಂದು ಹೊಳೆಯಿತು. ‘ಪಕ್ಷಿ : ಹಕ್ಕಿ :: ಶಶಿ : ……’ ಎಂಬ ಒಂದು ಅಂಕದ ಪ್ರಶ್ನೆಗೆ ‘ಸಸಿ’ ಎಂಬ ಉತ್ತರವಿತ್ತು. ತದ್ಭವ ಸರಿಯಾಗಿಯೇ ಇದೆ. ಮೊದಲ ಸಲ ಪೂರ್ಣ ಅಂಕ ಕೊಟ್ಟಿದ್ದರು. ಆದರೆ ಎಲ್ಲ ಶಕಾರವನ್ನೂ ಸಕಾರ ಮಾಡುವ ಕೈ ಇದು. ಹುಡುಗನು ತದ್ಭವ ತಿಳಿಯದೆ ‘ಶಶಿ’ ಎಂದೇ ಹೇಳಿದ್ದರೂ ಕಾಗದದ ಮೇಲೆ ಬೀಳುತ್ತಿದ್ದುದು ‘ಸಸಿ’ಯೇ. ತಪ್ಪನ್ನು ಲಿಪಿಕಾರನದೆಂದು ಹಿಂದಕ್ಕೆ ಕೊಡುವವನು, ಒಪ್ಪೂ ಲಿಪಿಕಾರನದಾಗಿರಬಹುದೇ ಎಂದು ನೋಡಬೇಡವೇ?

ಮರುದಿನ ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ, ತರಗತಿಯ ಅಧ್ಯಾಪಕರ ಎದುರಿನಲ್ಲಿ, ಪಂಡಿತರು ಹುಡುಗನನ್ನು ಎರಡೇ ಪ್ರಶ್ನೆ ಕೇಳಿದರು, ಉತ್ತರಪತ್ರಿಕೆಯನ್ನು ತೋರಿಸಲಿಲ್ಲ. ಶಶಿಯ ತದ್ಭವ ಹೇಳಿ ಅಕ್ಷರ ಬಿಡಿಸು ಎಂದಾಗ ಅವನು ತಡೆಯದೆ, “ಎರಡೂ ಸಕ್ಕರೆಯ ಸ, ಸಾರ್. ಶಂಕರನ ಶ ಅಲ್ಲ” ಎಂದನು. ಗಿರೀಶವನ್ನು ಬಿಡಿಸು ಎಂದಾಗ ಸ್ವಲ್ಪ ಯೋಚಿಸಿ, “ಗಿರಿ, ಇಶ. ಹಾಗೇ ಬರೆಸಿದ್ದೆ. ಯಾಕೆ ಸಾರ್, ಎರಡು ಇಕಾರ ಸೇರಿ ದೀರ್ಘ ಆಗುತ್ತದಲ್ಲ?” ಎಂದು ಕೇಳಿದನು. ಸೂತ್ರ ತಿಳಿದಿದೆ, ಪದ ತಿಳಿದಿಲ್ಲ. ಪ್ರಶ್ನಾರ್ಥಕ ಚಿಹ್ನೆ ಹೋಗಿ ಅಲ್ಲಿ ಕೆಂಪು ಗೆರೆ ನಿಂತಿತು. ಒಟ್ಟು ಅಂಕ 72 ಆಯಿತು. ಹುಡುಗನಿಗೆ ಆ ಹನ್ನೊಂದೂವರೆ ಅಂಕಗಳಿಗಿಂತ, ತಾನು ತಪ್ಪಿದ ಜಾಗ ಇದೊಂದು ಎಂದು ಗುರುಗಳು ತನ್ನೊಡನೆ ವಾದಿಸಿದ್ದೇ ಹೆಚ್ಚು ಹಿಡಿಸಿದಂತೆ ಕಂಡಿತು.

ಅಲ್ಲಿಯೇ ಕುಳಿತಿದ್ದ ಅಧ್ಯಾಪಕರು ಒಂದು ಆಕ್ಷೇಪವೆತ್ತಿದರು. “ಪಂಡಿತರೇ, ಉಳಿದ ಹುಡುಗರಿಗೆ ಶ ತಪ್ಪಿದರೆ ಅಂಕ ಹೋಗುತ್ತದೆ. ಇವನಿಗೆ ಹೋಗುವುದಿಲ್ಲ. ಅವರಿಗೆ ಅನ್ಯಾಯವಲ್ಲವೇ?” ಎಂದರು. ಪಂಡಿತರು ಹೇಳಿದರು: “ಇವನು ಶ ತಪ್ಪಿಲ್ಲವಲ್ಲ. ತಪ್ಪಿದವನ ಅಂಕ ಅವನ ಪತ್ರಿಕೆಯಲ್ಲಿ ಆಗಲೇ ಹೋಗಿದೆ. ಒಂದೇ ತಪ್ಪಿಗೆ ಇಬ್ಬರಿಗೆ ದಂಡ ಹಾಕಿದ್ದೆ. ಈಗ ಒಬ್ಬನಿಗೆ ಹಾಕಿದ್ದೇನೆ. ಅಕ್ಷರವನ್ನೇ ಪರೀಕ್ಷಿಸುವ ಪ್ರಶ್ನೆಯಲ್ಲಿ ನಾನು ಇವನಿಗೂ ಬಿಟ್ಟಿಲ್ಲ.”

ಶಾಲೆಯ ಪರೀಕ್ಷೆಯಲ್ಲಿ ನೋಟುಪುಸ್ತಕ ತರಿಸಬಹುದು, ಹುಡುಗನನ್ನು ಕರೆದು ಕೇಳಬಹುದು. ಮಾರ್ಚ್ ತಿಂಗಳ ಪಬ್ಲಿಕ್ ಪರೀಕ್ಷೆಯಲ್ಲಿ ಇವೆರಡೂ ಇಲ್ಲ. ದೂರದ ಮೌಲ್ಯಮಾಪನ ಕೇಂದ್ರದಲ್ಲಿ ಕುಳಿತವರಿಗೆ ಹುಡುಗನ ಮುಖವಾಗಲಿ, ಅವನ ಹಳೆಯ ಅಕ್ಷರವಾಗಲಿ ಕಾಣದು. ಅವರ ಕೈಯಲ್ಲಿರುವುದು ಪತ್ರಿಕೆಯೊಂದೇ, ಒಳಸಾಕ್ಷಿಯೊಂದೇ ಆಧಾರ. ತಪ್ಪು ಕಿವಿಗೆ ಕೇಳುವಂಥದೇ, ಒಂದೇ ಬಗೆಯಾಗಿ ಮರುಕಳಿಸಿದೆಯೇ, ಪ್ರಶ್ನೆ ಪರೀಕ್ಷಿಸುವ ಅಂಶವೇ ಅದರಿಂದ ಕೆಟ್ಟಿದೆಯೇ ಎಂಬ ಮೂರನ್ನು ಅವರು ನೋಡಬಲ್ಲರು. ಅದಕ್ಕಿಂತ ಆಚೆ ಊಹಿಸುವುದು ಅವರಿಂದಾಗದು, ಊಹಿಸಲೂ ಬಾರದು. ‘ಸಸಿ’ಯಂತಹ ಉತ್ತರ ಬಂದರೆ ಬರೆದಿರುವುದನ್ನೇ ನಂಬಿ ಅಂಕ ಕೊಡಬೇಕು, ‘ಇಶ’ ಬಂದರೆ ಬರೆದಿರುವುದನ್ನೇ ನಂಬಿ ಕಳೆಯಬೇಕು.

ಆದುದರಿಂದ ಉಳಿದ ಕೆಲಸ ಹುಡುಗರಿಬ್ಬರದು ಎಂದು ಪಂಡಿತರು ತೀರ್ಮಾನಿಸಿದರು. ಮೂರು ವಾರ, ಪ್ರತಿ ಸಂಜೆ, ಒಬ್ಬನು ಹೇಳಿದನು, ಒಬ್ಬನು ಬರೆದನು. ಎಲ್ಲ ಪದಗಳನ್ನೂ ಅಕ್ಷರ ಬಿಡಿಸಿ ಹೇಳಲು ಹೊರಟರೆ, ಮೂರು ಗಂಟೆಯ ಪತ್ರಿಕೆಗೆ ಹೆಚ್ಚಾಗಿ ಸಿಗುವ 60 ನಿಮಿಷವೂ ಪ್ರಬಂಧಕ್ಕೇ ಮುಗಿದುಹೋಗುತ್ತದೆಂಬುದು ಮೊದಲ ದಿನವೇ ಗೊತ್ತಾಯಿತು. ಅದಕ್ಕಾಗಿ ಒಂದು ಕಟ್ಟು ಮಾಡಿಕೊಂಡರು. ಸಂಧಿ, ಸಮಾಸ, ತತ್ಸಮ ತದ್ಭವ, ಕವಿ ಕಾವ್ಯಗಳ ಹೆಸರು ಇವುಗಳಲ್ಲಿ ಮಾತ್ರ ಅಕ್ಷರಕ್ಷರ ಬಿಡಿಸಿ ಹೇಳುವುದು. ಶಂಕರನ ಶ, ಹೊಟ್ಟೆ ಸೀಳಿದ ಷ, ಸಕ್ಕರೆಯ ಸ ಎಂಬ ಹೆಸರುಗಳನ್ನು ಬಳಸುವುದು. ಉಳಿದೆಡೆ ಹೇಳಿಕೊಂಡು ಹೋಗಿ, ಉತ್ತರ ಮುಗಿದ ಮೇಲೆ ಹುಡುಗನು ಒಮ್ಮೆ ಕಣ್ಣಾಡಿಸಿ, ಅರ್ಥ ಕೆಟ್ಟ ಪದವನ್ನು ಮಾತ್ರ ತಿದ್ದಿಸುವುದು. ವಾಕ್ಯ ಮುಗಿದಾಗ ‘ಪೂರ್ಣವಿರಾಮ’ ಎಂದು ಬಾಯಿಬಿಟ್ಟು ಹೇಳುವುದು. ಲಿಪಿಕಾರನಿಗೆ ವಿಧಿಸಿದ್ದು ಒಂದೇ: ಕೇಳಿದ್ದನ್ನು ಬರೆ, ನಿನಗೆ ಗೊತ್ತಿರುವುದನ್ನು ಸೇರಿಸಬೇಡ; ಕೇಳದಿದ್ದರೆ ಇನ್ನೊಮ್ಮೆ ಹೇಳಿಸಿಕೋ.

ಆ ಮೂರು ವಾರದ ಕೊನೆಯಲ್ಲಿ ಇನ್ನೊಂದು ಫಲ ಕಂಡಿತು. ದಿನವೂ ಶಕಾರ ಷಕಾರಗಳ ಹೆಸರು ಕೇಳಿ ಕೇಳಿ, ಒಂಬತ್ತನೆಯ ತರಗತಿಯವನ ಕೈಯಲ್ಲಿ ‘ಶರಣ’ವೂ ‘ವರ್ಷ’ವೂ ನೆಟ್ಟಗಾದವು. ಅವನ ವಾರ್ಷಿಕ ಪರೀಕ್ಷೆಯ ಪತ್ರಿಕೆಯನ್ನು ತಿದ್ದುವಾಗ ಪಂಡಿತರಿಗೆ ‘ದುಃಖ’ದ ವಿಸರ್ಗ ಎದುರಾಯಿತು. ಎರಡು ಚುಕ್ಕೆಗಳನ್ನು ಅವನು ಸ್ವಲ್ಪ ದೊಡ್ಡದಾಗಿಯೇ ಇಟ್ಟಿದ್ದನು.